ಗುರುವಾರದಿಂದ ಶುರುವಾಗುವ ವಾರ

ನಮ್ಮ ಯಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸುತ್ತಿದ್ದರು. ಮನೆ ಬಾಗಲಗುಂಟೆಯಲ್ಲಿ. ಅವರು ಹೋಗಿ ಎರಡನೇ ವರ್ಷ ನಡೆಯುತ್ತಿದೆ. ಹೃದಯ ನಿಂತಿತು, ಅಷ್ಟೇ. ಅದನ್ನು ಬರೆಯುವ ಶಕ್ತಿ ನನಗಿಲ್ಲ. ಪದೇ ಪದೇ ನೆನಪಾಗುವುದು ಅದಕ್ಕೂ ಹಿಂದಿನ ಒಂದು ಬುಧವಾರ.

ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಮನೆಯಲ್ಲೇ ಬೆರಳು ಚುಚ್ಚಿ ನೋಡಿಕೊಂಡು, ಬಂದ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಿಂದ ಹರಿದ ದಿನದ ಹಾಳೆಯ ಹಿಂದೆ ಗೀಚಿಡುತ್ತಿದ್ದರು. ಒಮ್ಮೆ ಆ ಹಾಳೆಗಳ ಕಂತೆಯನ್ನೇ ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟರು.

"ಬೆಳಿಗ್ಗೆ ಶುಗರ್ ಇನ್ನೂರು ದಾಟಿದೆಯಲ್ರೀ. ಹೀಗಾದ್ರೆ ರಾತ್ರಿ ಮಾತ್ರೆ ಜಾಸ್ತಿ ಮಾಡ್ಬೇಕಾಗುತ್ತೆ" ಎಂದರು ಡಾಕ್ಟರಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಈ ಚೀಟಿಗಳಲ್ಲಿ ನನಗೇನೂ ಸರಿಯಾಗಿ ಗೊತ್ತಾಗ್ತಿಲ್ಲಮ್ಮ. ವಾರವಾರದ ಚಾರ್ಟ್ ಮಾಡ್ಕೊಂಡು ಬನ್ನಿ. ಎಪ್ಪತ್ತಕ್ಕಿಂತ ಕಮ್ಮಿ ಬಂದಿದ್ರೆ ಕೆಂಪು ಗುರುತು ಹಾಕಿ. ನೋಡಿ ತೀರ್ಮಾನ ಮಾಡೋಣ" ಎಂದರು.

ಆಗಿನ ದಿನಗಳಲ್ಲಿ ಕೆಲಸದ ಮಧ್ಯೆ ಯಜಮಾನರ ಕೈ ನಡುಗುತ್ತಿತ್ತು. ಸಕ್ಕರೆ ಏರಿದ್ದಕ್ಕೇ ಹಾಗಾಗುತ್ತದೆ, ಮಾತ್ರೆ ಹೆಚ್ಚಿಸಿದರೆ ನಿಲ್ಲುತ್ತದೆ ಎಂದುಕೊಂಡಿದ್ದೆ. ತಿರುಗುವ ಲೇತಿನ ಮುಂದೆ ನಡುಗುವ ಕೈ ನೆನೆದು, ಅವರು ಮನೆಗೆ ಬಂದೊಡನೆ ಮೊದಲು ಬೆರಳುಗಳನ್ನು ನೋಡುತ್ತಿದ್ದೆ.

ಅವರ ಕಾರ್ಖಾನೆಗೆ ಬುಧವಾರ ರಜೆ. ಅಂದು ಇಬ್ಬರೂ ನೆಲದ ಮೇಲೆ ಕೂತೆವು. ನಾನು ಭಾನುವಾರದಿಂದ ಶನಿವಾರದವರೆಗೆ ಗೆರೆ ಎಳೆದೆ. ತಿಂಡಿಗೆ ಮುಂಚೆ, ತಿಂಡಿಯಾಗಿ ಎರಡು ಗಂಟೆಗೆ, ರಾತ್ರಿ ಊಟಕ್ಕೆ ಮುಂಚೆ, ಊಟವಾಗಿ ಎರಡು ಗಂಟೆಗೆ ಎಂದು ಚೌಕದ ಮನೆಗಳನ್ನು ಮಾಡಿದೆ. ಅವರು ಒಂದೊಂದೇ ಹಾಳೆ ತೆಗೆದು ಬಸ್ ಕಂಡಕ್ಟರ್ ತರಹ ಕೂಗುತ್ತಿದ್ದರು.

"ನೂರ ಹದಿನೆಂಟು, ಇಳ್ಕೊಳ್ಳಿ! ಇನ್ನೂರ ಆರು, ಒಳಗಡೆ ಹೋಗಿ ಸ್ವಾಮಿ!"

"ಸುಮ್ನೆ ಓದ್ರೀ, ತಪ್ಪೋಗುತ್ತೆ."

ತಪ್ಪಿರಲಿಲ್ಲ, ಆದರೂ ಸಂಖ್ಯೆಗಳಿಗೆ ಒಂದು ದಾರಿಯೇ ಇರಲಿಲ್ಲ. ಒಂದೇ ವಾರದಲ್ಲಿ ಬೆಳಗಿನದು ಒಂದು ದಿನ ನೂರ ಹದಿನೆಂಟು, ಇನ್ನೊಂದು ದಿನ ಇನ್ನೂರ ಆರು. ಅರವತ್ತೊಂದು, ಅರವತ್ತನಾಲ್ಕು ಎಂದಿದ್ದ ಎರಡು ಹಾಳೆಗಳಿಗಂತೂ ನನ್ನ ಚಾರ್ಟಿನಲ್ಲಿ ಮನೆಯೇ ಇರಲಿಲ್ಲ.

"ಇವು ಯಾವಾಗಿನವು?"

"ನೈಟ್ ಶಿಫ್ಟಲ್ಲಿ, ಕೈ ನಡುಗಿದಾಗ ನೋಡ್ಕೊಂಡಿದ್ದು. ಮೀಟರ್ ಜೊತೇಲೇ ತಗೊಂಡೋಗಿದ್ದೆ. ಕಮ್ಮಿ ಬಂದ್ರೆ ಒಳ್ಳೇದೇ ತಾನೇ?"

"ಕೈ ನಡುಗಿದಾಗ ಕಮ್ಮಿ ಇತ್ತಾ? ಆಮೇಲೇನು ಮಾಡಿದ್ರಿ?"

"ಕ್ಯಾಂಟೀನಲ್ಲಿ ಸಕ್ಕರೆ ಹಾಕಿದ ಟೀ, ಬನ್ನು. ನಿಂತೋಯ್ತು. ಮತ್ತೆ ಬರ್ಬಾರ್ದು ಅಂತ ಶಿಫ್ಟ್ ಬಿಡೋವಾಗ ಇನ್ನೊಂದು ಬನ್ನು."

"ಮನೆಗೆ ಬಂದು ಚುಚ್ಕೊಂಡು ಬೆಳಿಗ್ಗೇದು ಅಂತ ಬರ್ದಿದ್ದೀರಲ್ಲ, ಅದು ಬನ್ನು ತಿಂದ ಮೇಲೆ ನೋಡಿದ್ದಾ?"

ಅವರು ತಲೆ ಕೆರೆದುಕೊಂಡರು. "ಬೆಳಿಗ್ಗೆ ಬೆಳಿಗ್ಗೇನೇ ಅಲ್ವೇನೇ?"

ಅವರಿಗೆ ಒಂದು ವಾರ ಹಗಲು, ಒಂದು ವಾರ ರಾತ್ರಿ ಪಾಳಿ. ಅದು ಬದಲಾಗುತ್ತಿದ್ದದ್ದು ರಜೆ ಮುಗಿದ ಮೇಲೆ, ಗುರುವಾರ. ನಾನು ಕ್ಯಾಲೆಂಡರಿನ ವಾರ ಹಿಡಿದು ಎರಡು ಪಾಳಿಗಳನ್ನು ಕಲಸಿಬಿಟ್ಟಿದ್ದೆ. ಹೊಸ ಹಾಳೆಯಲ್ಲಿ ಗುರುವಾರದಿಂದ ಬುಧವಾರಕ್ಕೆ ಗೆರೆ ಎಳೆದು, ಮೇಲೆ ಪಾಳಿಯ ಹೆಸರು ಬರೆದೆ. ಕೆಲಸದ ಮಧ್ಯದ್ದಕ್ಕೆ ಬೇರೆ ಮನೆ ಮಾಡಿದೆ. ಏನು ತಿಂದರೆಂದು ಪಕ್ಕದಲ್ಲಿ ಸೇರಿಸಿದೆ. ಹಗಲು ಪಾಳಿಯ ಬೆಳಗುಗಳೆಲ್ಲ ನೂರಿಪ್ಪತ್ತರ ಆಸುಪಾಸಿಗೆ ಬಂದು ಕೂತವು. ಇನ್ನೂರು ದಾಟಿದ್ದೆಲ್ಲ ರಾತ್ರಿ ಪಾಳಿಯ ವಾರದಲ್ಲೇ. ಎರಡು ಕೆಂಪು ಗುರುತುಗಳೂ ಅಲ್ಲೇ.

ಡಾಕ್ಟರಮ್ಮ ಆ ಹಾಳೆಯ ಕೆಂಪು ಗುರುತುಗಳ ಮೇಲೆ ಬೆರಳಿಟ್ಟರು.

"ಮಾತ್ರೆ ನುಂಗಿ, ಊಟ ಮಾಡಿ ಡ್ಯೂಟಿಗೆ ಹೋಗಿ, ರಾತ್ರಿಯೆಲ್ಲ ಏನೂ ತಿನ್ನದೆ ನಿಂತು ಕೆಲಸ ಮಾಡ್ತೀರಾ?"

"ಹೂಂ ಮೇಡಂ."

"ಅದಕ್ಕೇ ಇಳೀತಿರೋದು. ಬೆಳಗಿನ ಇನ್ನೂರು ಬನ್ನಿಂದು, ಖಾಲಿ ಹೊಟ್ಟೇದಲ್ಲ. ನಾನು ಮಾತ್ರೆ ಜಾಸ್ತಿ ಮಾಡಿದ್ದಿದ್ರೆ ಯಂತ್ರದ ಮೇಲೇ ಬಿದ್ಬಿಡ್ತಿದ್ರಿ."

ಮಾತ್ರೆ ಹೆಚ್ಚಲಿಲ್ಲ. ರಾತ್ರಿ ಪಾಳಿಯ ವಾರಕ್ಕೆ ಅರ್ಧ ಮಾಡಿದರು. ಪಾಳಿಯ ನಡುವೆ ಚಪಾತಿ ತಿನ್ನಿ, ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಿ, ನಡುಕ ಬಂದರೆ ಮೊದಲು ಲೇತ್ ನಿಲ್ಲಿಸಿ ಎಂದರು. ಹೊರಗೆ ಬಂದ ಮೇಲೆ ಇವರು, "ಏನೇ, ನೀನು ಡಾಕ್ಟರಮ್ಮನ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತ್ಬಿಡು" ಎಂದರು. ನಗುತ್ತಲೇ ಅಂದರು, ಆದರೆ ಬಸ್ಸಿನಲ್ಲಿ ಮನೆಯವರೆಗೂ ಆ ಹಾಳೆಯನ್ನು ಬಿಚ್ಚಿ ಬಿಚ್ಚಿ ನೋಡುತ್ತಿದ್ದರು.

ಮುಂದಿನ ರಾತ್ರಿ ಪಾಳಿಯಲ್ಲಿ ಕೈ ನಡುಗಲಿಲ್ಲ. ಅಲ್ಲಿಂದ ಆಚೆಗೆ ಮನೆಯಲ್ಲಿ ನೋಡುವಾಗ ನನ್ನ ಮುಂದೆ ಬಂದು ಕೈ ಚಾಚಿ, "ನೀನೇ ಚುಚ್ಚು" ಎನ್ನುವುದು ರೂಢಿಯಾಯಿತು. ಕಬ್ಬಿಣ ಹಿಡಿದು ಹಿಡಿದು ಬೆರಳ ತುದಿ ಗಟ್ಟಿಯಾಗಿತ್ತು, ರಕ್ತ ಬೇಗ ಬರುತ್ತಿರಲಿಲ್ಲ. ಅವರ ಅಂಗೈಯನ್ನು ನನ್ನ ಕೈಯೊಳಗಿಟ್ಟುಕೊಂಡು ಬೆರಳನ್ನು ಬುಡದಿಂದ ನೀವುತ್ತಾ, ಒಂದು ಹನಿಗಾಗಿ ಕಾಯುತ್ತಿದ್ದೆ. ಅವರು ಏನಾದರೂ ಹೇಳುತ್ತಿರುತ್ತಿದ್ದರು, ನಾನು ಅರ್ಧ ಕೇಳುತ್ತಿದ್ದೆ. ಆ ಹನಿ ಇನ್ನೂ ಸ್ವಲ್ಪ ತಡವಾಗಿ ಬರಬಾರದಿತ್ತೇ ಅನ್ನಿಸುತ್ತದೆ ಈಗ.