ಮಾವನವರ ಹಣೆಯ ಮೂರು ಪಟ್ಟಿ

ಮಾವನವರಿಗೆ ಎಂಬತ್ತು ತುಂಬುತ್ತಿತ್ತು. ಶಾಲು ಕೊಡೋಣವೆಂದರೆ ಬೀರುವಿನಲ್ಲಿ ಬಿಚ್ಚದೇ ಇರುವವೇ ಎಷ್ಟೋ ಇವೆ. ಪ್ಲೈವುಡ್‌ನಲ್ಲಿ ಅವರ ಮುಖ ಕತ್ತರಿಸಿ, ಹಿಂದೆ ಕಪ್ಪು ಬಟ್ಟೆ ಕಟ್ಟಿ ಹಜಾರದಲ್ಲಿ ತೂಗುಹಾಕೋಣ ಅಂದುಕೊಂಡೆ. ಬ್ಯಾಂಕಿನವರು ನನ್ನನ್ನು ವಡೋದರಾಕ್ಕೆ ವರ್ಗ ಮಾಡಿ, ಅತ್ತೆ-ಮಾವನೂ ನಮ್ಮ ಜೊತೆ ಬಂದಾಗಿನಿಂದ ನಾನು ಮಾಡಿದ ಯಾವುದನ್ನೂ ಮಾವ ಮೆಚ್ಚಿದ್ದಿಲ್ಲ. ಇದನ್ನಾದರೂ ಮೆಚ್ಚಿಸಲೇಬೇಕೆಂಬ ಹಟ ನನ್ನದು.

ಫತೇಗಂಜ್‌ನ ಲೇಸರ್ ಅಂಗಡಿಯ ಹುಡುಗಿ ಫೋಟೋವನ್ನು ಬರೀ ಕಪ್ಪು-ಬಿಳುಪು ಮಾಡಿದಳು. ಕಪ್ಪೆಲ್ಲ ತೂತು, ಬಿಳುಪೆಲ್ಲ ಮರ. ನೆರಳಲ್ಲಿ ತೆಗೆದ ಫೋಟೋ ಆದ್ದರಿಂದ ಹಣೆಯೂ ಕೂದಲೂ ಸೇರಿ ಒಂದೇ ದೊಡ್ಡ ತೂತಾಯಿತು.

"ಕನ್ನಡಕದ ಫ್ರೇಮ್ ಸುತ್ತ ಕತ್ತರಿಸಿದರೆ ಒಳಗಿನ ಕಣ್ಣು ಕಳಚಿ ಬೀಳುತ್ತೆ ಆಂಟಿ," ಎಂದು ಹಿಂದಿಯಲ್ಲಿ ವಿವರಿಸಿ, ಕಣ್ಣನ್ನು ಕೆನ್ನೆಗೆ ಸಣ್ಣ ಪಟ್ಟಿಗಳಿಂದ ಜೋಡಿಸಿದಳು. ಹಣೆಯ ಹತ್ತಿರ ಮರ ಬಳುಕಬಾರದೆಂದು ಅಲ್ಲಿಗೂ ಅಡ್ಡಲಾಗಿ ಮೂರು ಪಟ್ಟಿ ಹಾಕಿದಳು. ಕಣ್ಣು ಬೀಳದಿದ್ದರೆ ಸಾಕೆಂದು ನಾನು ಎಲ್ಲಕ್ಕೂ ಹೂಂಗುಟ್ಟಿದೆ.

ನಮ್ಮ ಮಾವ ದಿನವೂ ಸ್ನಾನ ಮಾಡಿ ಮಾಧ್ವರ ಪದ್ಧತಿಯಂತೆ ಹಣೆಗೆ ಉದ್ದಕ್ಕೆ ಕಪ್ಪು ಅಂಗಾರದ ಗೆರೆ ಎಳೆದುಕೊಳ್ಳುವವರು. ಪ್ಲೈವುಡ್‌ನ ಮಾವ ಮಾತ್ರ ಕಪ್ಪು ಹಣೆಯ ಮೇಲೆ ಶೈವರ ಹಾಗೆ ಅಡ್ಡಕ್ಕೆ ಮೂರು ಪಟ್ಟೆ ವಿಭೂತಿ ಬಳಿದುಕೊಂಡು ಕೂತಿದ್ದರು.

"ಇವರು ಯಾರಮ್ಮಾ?" ಮನೆಗೆ ತಂದು ತೋರಿಸಿದಾಗ ಮಾವ ಕೇಳಿದರು.

"ನೀವೇ ಮಾವ."

"ಯಾವತ್ತು ಬದಲಾದೆ? ನನಗೆ ಯಾರೂ ಹೇಳಲೇ ಇಲ್ವಲ್ಲ."

ಮಾರನೇ ದಿನ ಮತ್ತೆ ಅಂಗಡಿಗೆ ಓಡಿದೆ. ಹುಡುಗಿ ಪಟ್ಟಿಗಳನ್ನು ಉದ್ದಕ್ಕೆ ತಿರುಗಿಸಿ ತೋರಿಸಿದಳು. ಮೂರು ಉದ್ದ ಗೆರೆ ನಾಮ ಹಾಕುವ ಇನ್ನೊಂದು ಪಂಗಡದವರದು ಅಂದೆ.

"ಒಟ್ಟು ಎಷ್ಟು ಥರ ಇವೆ ಆಂಟಿ?" ಅಂದಳು, ಮೌಸ್ ಕೆಳಗಿಟ್ಟು.

ಕೊನೆಗೆ ಅವಳೇ ದಾರಿ ತೋರಿಸಿದಳು. ಹಣೆಯ ಮೇಲೆ ಬೆಳಕು ಬಿದ್ದ ಫೋಟೋ ತಂದರೆ ಹಣೆ ಮರವಾಗಿಯೇ ಉಳಿಯುತ್ತದೆ, ಪಟ್ಟಿಯೇ ಬೇಡ. ಮಾವನನ್ನು ಕಿಟಕಿಗೆ ಮುಖ ಮಾಡಿಸಿ ಕೂರಿಸಿ ಫೋಟೋ ತೆಗೆದೆ. ಹಣೆ ಚೊಕ್ಕಟವಾಗಿ ಬಂತು, ವಿಪರೀತ ಚೊಕ್ಕಟ. ಸಣ್ಣಪುಟ್ಟ ಚುಕ್ಕೆಗಳನ್ನು ಅಳಿಸುವಾಗ ಅವಳು ಅಂಗಾರವನ್ನೂ ಕಸವೆಂದು ಅಳಿಸಿಬಿಟ್ಟಿದ್ದಳು. ನನಗೆ ತಿಳಿದದ್ದು ಮನೆಗೆ ತಂದು ಗೋಡೆಗೆ ತೂಗುಹಾಕಿದ ಮೇಲೆ.

ಮಾವ ಅದನ್ನು ನೋಡಿ ನೇರ ದೇವರಮನೆಗೆ ಹೋದರು. ನನಗೆ ಅಳುವೇ ಬಂತು. ಅಷ್ಟರಲ್ಲಿ ಅಂಗಾರದ ಕಡ್ಡಿ ಹಿಡಿದು ವಾಪಸು ಬಂದು, ಮರದ ಹಣೆಯ ನಟ್ಟನಡುವೆ ಒಂದು ಗೆರೆ ಎಳೆದು, ಹಿಂದೆ ಸರಿದು ನೋಡಿದರು.

"ಇನ್ನು ಒಂದು ಹಾರ ಹಾಕಿಬಿಟ್ರೆ ನಿಮ್ಮ ಕಥೆ ಮುಗೀತು," ಅಂದರು ಅತ್ತೆ ಅಡುಗೆಮನೆಯಿಂದ.

ಹುಟ್ಟುಹಬ್ಬದ ದಿನ ಬಂದವರೆಲ್ಲ ಇದನ್ನು ಯಾರು ಮಾಡಿದ್ದೆಂದು ಕೇಳಿದರು. ಮಾವ ಎಲ್ಲರಿಗೂ ಒಂದೇ ಉತ್ತರ ಕೊಟ್ಟರು. "ಮುಖ ನನ್ನ ಸೊಸೆ ಮಾಡಿಸಿದ್ದು. ಹಣೆ ಮಾತ್ರ ನಂದು."

ಪಾಯಸದ ಪಾತ್ರೆ ಹಿಡಿದು ನಾನು ಅದನ್ನೇ ಕೇಳುತ್ತ ಅಲ್ಲೇ ನಿಂತುಬಿಟ್ಟೆ, ಬಡಿಸುವುದೇ ಮರೆತುಹೋಗಿತ್ತು.