ಒಂದು ಮನೆ ಬಿಟ್ಟು

ಪುಣೆಯ ಹಡಪಸರದ ನಮ್ಮ ಚಾಳಿನಲ್ಲಿ ಹದಿನಾಲ್ಕು ವರ್ಷ ಬ್ಲೌಸು ಹೊಲಿದವಳು ನಾನು. ಕನ್ನಡದವರು, ಮರಾಠಿಯವರು, ತೆಲುಗಿನವರು, ಯಾರ ತೋಳು ಎಷ್ಟು ದಪ್ಪ, ಯಾರಿಗೆ ಬಾಣಂತನ ಆದಮೇಲೆ ಎಷ್ಟು ಬಿಡಿಸಿ ಹೊಲಿಯಬೇಕು, ಕುತ್ತಿಗೆ ಆಳ ಇಟ್ಟರೆ ಯಾರ ಅತ್ತೆ ಕೂಗಾಡುತ್ತಾಳೆ, ಎಲ್ಲ ನನಗೆ ಬಾಯಿಪಾಠ. ಅಳತೆ ಪುಸ್ತಕ ತೆಗೆದರೆ ಅರ್ಧ ಬಡಾವಣೆಯ ಹೆಂಗಸರು ಅದರೊಳಗೆ ಇದ್ದರು. ಆಮೇಲೆ ಕತ್ತುನೋವು ಶುರುವಾಯಿತು, ಅದರ ಜೊತೆಗೆ ಅಂಗಡಿಗಳಲ್ಲಿ ರೆಡಿಮೇಡ್ ಬ್ಲೌಸುಗಳೂ ಬಂದವು. ನನ್ನ ಗಂಡ ಲಾರಿ ಓಡಿಸುವವನು. ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು, ಇದ್ದಾಗಲೂ ನಿದ್ದೆ. ಮಕ್ಕಳಿಲ್ಲ. ಹೊಲಿಗೆ ಮೆಷಿನ್ನು ಸುಮ್ಮನಾದ ಮೇಲೆ ಮನೆಯಲ್ಲಿ ಕುಕ್ಕರಿನದು ಬಿಟ್ಟು ಬೇರೆ ಸದ್ದು ಇರಲಿಲ್ಲ.

ನನ್ನ ಗಿರಾಕಿಯೊಬ್ಬಳ ಗಂಡ ವಿಮಾ ಕಂಪನಿಯಲ್ಲಿ ಅಧಿಕಾರಿ, ಸೋಲಾಪುರದ ಕಡೆಯವರು. ಏಜೆಂಟರನ್ನು ಹುಡುಕಿ ತಯಾರು ಮಾಡುವುದೇ ಅವರ ಕೆಲಸ. ಒಮ್ಮೆ ಹೆಂಡತಿಯ ಬ್ಲೌಸು ಒಯ್ಯಲು ಬಂದವರು ಅಳತೆ ಪುಸ್ತಕ ನೋಡಿ ಅಲ್ಲೇ ಕೂತುಬಿಟ್ಟರು.

"ಅಕ್ಕಾರ, ಇಷ್ಟು ಮಂದಿ ಪರಿಚಯ ಇಟಗೊಂಡು ಖಾಲಿ ಕೂತೀರಲ್ಲ! ಹತ್ತನೇತ್ತಾ ಪಾಸ್ ಆಗೀರಿಲ್ಲೊ? ಒಂದು ಪರೀಕ್ಷಾ ಬರೀರಿ, ಏಜೆನ್ಸಿ ನಾ ಕೊಡಸ್ತೀನಿ."

ತರಬೇತಿಗೆ ಹೋದೆ, ಪರೀಕ್ಷೆ ಪಾಸಾದೆ, ಲೈಸೆನ್ಸೂ ಬಂತು. ಸಂಬಳ ಎಂಬುದಿಲ್ಲ, ಪಾಲಿಸಿ ಮಾಡಿಸಿದರೆ ಕಮಿಷನ್. ಮೊದಲ ವರ್ಷದ ಕಂತಿನಲ್ಲಿ ಹೆಚ್ಚು, ಆಮೇಲಿನ ವರ್ಷಗಳಲ್ಲಿ ಕಡಿಮೆ, ಗಿರಾಕಿ ಕಂತು ಕಟ್ಟುವುದನ್ನು ನಿಲ್ಲಿಸಿದರೆ ನಮಗೂ ಸೊನ್ನೆ. ಶುರುವಿಗೆ ಅಧಿಕಾರಿ ಒಂದು ಹೋಮ್‌ವರ್ಕ್ ಕೊಟ್ಟರು. ಗೊತ್ತಿದ್ದ ನೂರು ಜನರ ಹೆಸರು ಬರೆಯಬೇಕು, ಅತಿ ಹತ್ತಿರದವರಿಂದ ಶುರು ಮಾಡಬೇಕು. ನನಗೆ ನೂರು ಯಾವ ಲೆಕ್ಕ? ಕೂತಲ್ಲೇ ಬರೆದೆ. ಆದರೆ ಅತಿ ಹತ್ತಿರದವಳ ಹೆಸರನ್ನು ಬೇಕೆಂದೇ ಬಿಟ್ಟೆ.

ಅವಳು ನಮ್ಮ ಎದುರು ಮನೆಯವಳು. ಕಲಬುರ್ಗಿ ಕಡೆಯವಳು, ನನಗಿಂತ ಆರು ವರ್ಷ ಸಣ್ಣವಳು, ಬಾಯಿ ಮಾತ್ರ ನನಗಿಂತ ಹಿರಿಯದು. ಗಂಡ ನೆಲಕ್ಕೆ ಫರಶಿ ಕಲ್ಲು ಕೂರಿಸುವ ಮೇಸ್ತ್ರಿ. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಇಬ್ಬರು ಮೂವರನ್ನು ಕಟ್ಟಿಕೊಂಡು ತಾನೇ ಗುತ್ತಿಗೆ ಹಿಡಿಯುತ್ತಿದ್ದ. ಒಬ್ಬಳೇ ಮಗಳು, ಆಗ ಒಂಬತ್ತನೇ ತರಗತಿ. ಮಧ್ಯಾಹ್ನ ಒಂದು ಗಂಟೆಗೆ ಅವಳು ರೊಟ್ಟಿ ಬಡಿಯುವ ಸದ್ದು ಕೇಳಿದರೆ ನಾನು ಪಲ್ಯದ ಬಟ್ಟಲು ಹಿಡಿದು ಎದ್ದೆ ಎಂದೇ ಅರ್ಥ. ಅವಳ ಅಡುಗೆಮನೆಯ ನೆಲದ ಮೇಲೆ ಕೂತು ಇಬ್ಬರೂ ಉಣ್ಣುತ್ತಿದ್ದೆವು, ಇಡೀ ಚಾಳನ್ನು ಆಡಿಕೊಳ್ಳುತ್ತಿದ್ದೆವು. ದಿನದಲ್ಲಿ ನಾನು ಬಾಯಿ ತೆರೆದು ನಗುತ್ತಿದ್ದದ್ದು ಆ ಒಂದು ತಾಸು.

ಏಜೆಂಟಾದ ಆರು ತಿಂಗಳಲ್ಲಿ ನನಗೆ ಬುದ್ಧಿ ಬಂತು. ಮೊದಲೆಲ್ಲ ದಾರಿಯಲ್ಲಿ ಕೈ ಹಿಡಿದು ನಿಲ್ಲಿಸುತ್ತಿದ್ದವರು ಈಗ ದೂರದಿಂದಲೇ ಮೊಬೈಲು ಕಿವಿಗೆ ಹಚ್ಚಿಕೊಂಡು ದಾಟುತ್ತಿದ್ದರು. ಒಬ್ಬಳ ಮನೆ ಬಾಗಿಲು ಬಡಿದರೆ ಒಳಗಿನಿಂದ ಅವಳೇ ಮಗಳಿಗೆ "ಸಾಂಗ್, ಆಈ ಘರಿ ನಾಹೀ" ಎಂದು ಹೇಳಿಕೊಡುವುದು ನನಗೇ ಕೇಳಿಸಿತು. ಅಯ್ಯ ನಿನ್ನ, ಮನೆಯಲ್ಲಿಲ್ಲದ ಅವ್ವನ ದನಿ ಎಷ್ಟು ಗಟ್ಟಿ! ಸಂಕ್ರಾಂತಿಯ ಅರಿಸಿನ ಕುಂಕುಮಕ್ಕೆ ಹೋದರೆ ಹೆಂಗಸರು ನನ್ನ ಮುಖ ನೋಡುವ ಮೊದಲು ಹೆಗಲ ಚೀಲ ನೋಡುತ್ತಿದ್ದರು. ಒಮ್ಮೆ ಚೀಲ ಮನೆಯಲ್ಲೇ ಬಿಟ್ಟು ಹೋದೆ. "ಇವತ್ತ ಫಾರ್ಮ್ ತಂದಿಲ್ಲೇನ್ರಿ?" ಎಂದು ಒಬ್ಬಳು ಕೇಳಿದಳು, ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಒಬ್ಬಳೇ ಕೂತು ಎಳ್ಳುಬೆಲ್ಲ ತಿಂದೆ.

ಪಾಲಿಸಿ ಆಗಲಿಲ್ಲವೆಂದಲ್ಲ, ಆದವು. ಕೆಲವರು ಸಂಕೋಚಕ್ಕೆ ಮಾಡಿಸಿದರು, ಅವರೇ ಹೆಚ್ಚು ತಪ್ಪಿಸಿಕೊಂಡು ಓಡಾಡಿದರು. ಕಂತಿನ ತಾರೀಖು ನೆನಪಿಸಲು ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಹೀಗೆ ಒಬ್ಬೊಬ್ಬರಾಗಿ ಗೆಳತಿಯರು ಗಿರಾಕಿಗಳಾದರು, ಗಿರಾಕಿಗಳು ಅಪರಿಚಿತರಾದರು. ಅದಕ್ಕೇ ನಾನು ಗಟ್ಟಿಯಾಗಿ ನಿರ್ಧರಿಸಿದ್ದೆ, ಎದುರು ಮನೆಯ ಹೊಸ್ತಿಲು ದಾಟಿದರೆ ವಿಮೆಯ ಮಾತು ಎತ್ತಬಾರದು. ಅವಳೊಬ್ಬಳು ಉಳಿಯಲಿ.

ಮಗಳು ಹತ್ತನೇ ತರಗತಿಗೆ ಬಂದ ವರ್ಷ ಒಂದು ಭಾನುವಾರ ಅವಳ ಗಂಡ ಮನೆಯಲ್ಲಿದ್ದ. ಚಹಾ ಕುಡಿಯುತ್ತ ತಾನಾಗಿಯೇ ಕೇಳಿದ.

"ಅಕ್ಕಾರ, ಊರಿಗೆಲ್ಲಾ ಪಾಲಿಸಿ ಮಾಡಸ್ತೀರಿ. ನಮಗೂ ಒಂದು ಏನರೆ ಹೇಳ್ರಲ್ಲ?"

ಬೇರೆಯವರ ಮನೆಯಲ್ಲಿ ಈ ಮಾತು ಕೇಳಲಿಕ್ಕೆ ನಾನು ನಾಲ್ಕು ಸಲ ಮೆಟ್ಟಿಲು ಹತ್ತಿ ಇಳಿದವಳು. ಅವತ್ತು ಮಾತ್ರ ಇವನು ಕೇಳಬಾರದಿತ್ತು ಎನ್ನಿಸಿತು. ಇವನ ಕಂತಿನ ತಾರೀಖು ಬರುತ್ತದೆ, ಯಾವುದೋ ತಿಂಗಳು ಕೈ ಬಿಗಿಯಾಗುತ್ತದೆ, ನಾನು ನೆನಪಿಸಬೇಕಾಗುತ್ತದೆ, ಒಂದು ಮಧ್ಯಾಹ್ನ ಈ ಮನೆಯಲ್ಲೂ ರೊಟ್ಟಿಯ ಸದ್ದು ಕೇಳಿಸುತ್ತದೆ, ಬಾಗಿಲು ಮಾತ್ರ ಹಾಕಿರುತ್ತದೆ. ಅಷ್ಟೂ ಒಂದೇ ಗಳಿಗೆಯಲ್ಲಿ ಕಣ್ಣ ಮುಂದೆ ಬಂತು.

"ನಿಮಗ್ಯಾಕ್ರಿ ಈಗ? ಕಲ್ಲಿನಂಗ ಅದೀರಿ. ಮಗಳು ಕಾಲೇಜಿಗೆ ಹೋಗಲಿ, ಆಮ್ಯಾಲ ನೋಡೂಣು," ಎಂದೆ.

ಊರವರಿಗೆಲ್ಲ ನಾಳೆ ಯಾರ ಕೈಯಲ್ಲಿದೆ ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡ ಬಾಯಿಂದಲೇ ಈ ಮಾತು ಬಂತು. ಅವನು "ಹೌದ ಬಿಡ್ರಿ" ಎಂದ. ಅವಳು ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು. ನನಗೆ ದೊಡ್ಡ ಗಂಡಾಂತರದಿಂದ ಪಾರಾದ ಹಾಗಾಯಿತು.

ಮುಂದಿನ ಬೇಸಿಗೆಯಲ್ಲಿ ವಿಮಾನ ನಗರದ ಒಂದು ಕಟ್ಟಡದ ಏಳನೇ ಮಹಡಿಯಲ್ಲಿ ಫರಶಿ ಕೂರಿಸುತ್ತಿದ್ದವನು ಎದೆ ಹಿಡಿದುಕೊಂಡು ಒರಗಿದ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ನಲವತ್ತೊಂದು ವರ್ಷ. ಸುದ್ದಿ ತಂದ ಫೋನು ಬಂದಾಗ ನಾವಿಬ್ಬರೂ ಉಣ್ಣುತ್ತಿದ್ದೆವು. ನಾನೇ ಅವಳನ್ನು ರಿಕ್ಷಾದಲ್ಲಿ ಕರೆದೊಯ್ದೆ. ದಾರಿಯುದ್ದಕ್ಕೂ ಅವಳು ನನ್ನ ಕೈ ಬಿಡಲಿಲ್ಲ. ನಾನು ಸಮಾಧಾನದ ಮಾತು ಹೇಳುತ್ತಿದ್ದೆ, ಹೇಳುತ್ತಿದ್ದಂತೆಯೇ ಆ ಭಾನುವಾರ ನೆನಪಾಯಿತು.

ಹದಿಮೂರು ದಿನ ಕಳೆದವು. ಊರಿಂದ ಬಂದಿದ್ದವರು ಊರಿಗೆ ಹೋದರು. ಸೈಟಿನವರು ಒಂದಿಷ್ಟು ಕೊಟ್ಟು ಕೈತೊಳೆದುಕೊಂಡರು. ತಾನೇ ಗುತ್ತಿಗೆ ಹಿಡಿದವನಿಗೆ ಮಾಲೀಕ ಎಂಬುವವನು ಯಾರಿದ್ದಾನೆ? ಅವಳು ಹುಡುಗಿಯರ ಹಾಸ್ಟೆಲಿನ ಮೆಸ್ಸಿನಲ್ಲಿ ಅಡುಗೆ ಕೆಲಸ ಹಿಡಿದಳು. ಬೆಳಿಗ್ಗೆ ಐದಕ್ಕೆ ಹೋದರೆ ಸಂಜೆ ನಾಲ್ಕಕ್ಕೆ ಬರುತ್ತಿದ್ದಳು. ಒಂದು ಗಂಟೆಯ ರೊಟ್ಟಿಯ ಸದ್ದು ನಿಂತಿತು. ಎದುರಾದರೆ "ಊಟ ಆತೇನ ಅಕ್ಕಾ?" ಎನ್ನುತ್ತಿದ್ದಳು, ಮುಂದೆ ಹೋಗುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಅವಳ ಬಾಯಿ ನನಗೆ ಗೊತ್ತು, ಬೈದರೆ ಚಾಳೇ ಹೊರಗೆ ಬಂದು ನಿಲ್ಲಬೇಕು. ಅವಳು ಬೈಯಲಿಲ್ಲ. ನಾನು ಪಲ್ಯ ಮಾಡುತ್ತಿದ್ದೆ, ಒಬ್ಬಳಿಗೆ ಹೆಚ್ಚಾಗುತ್ತಿತ್ತು, ಮರುದಿನವೂ ಅದನ್ನೇ ಉಣ್ಣುತ್ತಿದ್ದೆ. ಗಂಡ ಬಂದಾಗ ಒಮ್ಮೆ ಹೇಳಿಕೊಂಡು ಅತ್ತೆ. "ನೀ ಏನು ಕೊಂದಿಯೇನು?" ಎಂದು ಮಗ್ಗುಲಾದ. ಅದೂ ನಿಜವೇ. ಆದರೂ ಎದುರಿನ ಬಾಗಿಲ ಚಿಲಕ ಸರಿದ ಸದ್ದಾದರೆ ನಾನು ನನ್ನ ಬಾಗಿಲಿನ ಹಿಂದೆ ನಿಂತುಬಿಡುತ್ತಿದ್ದೆ. ಬೇರೆಯವರು ನನಗೆ ಮಾಡುತ್ತಿದ್ದದ್ದನ್ನು ನಾನು ಅವಳಿಗೆ ಮಾಡಹತ್ತಿದ್ದೆ.

ಎಂಟು ತಿಂಗಳ ಮೇಲೆ, ಅವಳ ರಜೆಯ ದಿನ, ಅವಳೇ ಬಂದು ಬಾಗಿಲು ಬಡಿದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಆಧಾರ್, ಪ್ಯಾನ್, ಪಗಾರ ಜಮಾ ಆಗುವ ಬ್ಯಾಂಕಿನ ಪಾಸ್‌ಬುಕ್ಕು. ನೆಲದ ಮೇಲೆ ಕೂಡದೆ ಕುರ್ಚಿ ಎಳೆದುಕೊಂಡಳು.

"ಅಕ್ಕಾ, ನನ್ನ ಹೆಸರಿಲೆ ಒಂದು ಪಾಲಿಸಿ ಮಾಡು. ನನಗ ಏನರೆ ಆದ್ರ ಹುಡುಗಿಗೆ ಸಿಗಬೇಕು. ತಿಂಗಳಾ ಕಟ್ಟುವಷ್ಟು ಸಣ್ಣದು."

ಬೇಡವೆನ್ನುವ ಧೈರ್ಯ ಇನ್ನೆಲ್ಲಿ? ಮೊಬೈಲು ತೆಗೆದೆ. ಈಗೆಲ್ಲ ಫಾರ್ಮು ಅದರಲ್ಲೇ ತುಂಬುವುದು. ಎಲ್ಲ ಪ್ರಶ್ನೆಗಳನ್ನೂ ಕೇಳಲೇಬೇಕು, ಏಜೆಂಟರು ತಾವೇ ಊಹಿಸಿ ತುಂಬಿದರೆ ನಾಳೆ ಕ್ಲೇಮಿನ ಹೊತ್ತಿಗೆ ಅದೇ ಮುಳುವಾಗುತ್ತದೆ. ಗೊತ್ತಿದ್ದದ್ದನ್ನೇ ಕೇಳಿದೆ. ಹುಟ್ಟಿದ ತಾರೀಖು, ಎತ್ತರ, ತೂಕ. ಬಿ.ಪಿ., ಶುಗರ್ ಏನಾದರೂ? ಇಲ್ಲ. ಆಪರೇಷನ್? ಹೆರಿಗೆಯದು. ತಂದೆ ತಾಯಿ ಇದ್ದಾರೆಯೇ, ಇಲ್ಲದಿದ್ದರೆ ಯಾವ ಕಾಯಿಲೆಯಿಂದ? ಹೇಳಿದಳು. ಮದುವೆಯಾಗಿದೆಯೇ ಎಂಬಲ್ಲಿಗೆ ಬಂದಾಗ ನನ್ನ ಬೆರಳು ನಿಂತಿತು. ಅವಳೇ ಬಾಗಿ ನೋಡಿ, "ವಿಧವಾ ಅಂತ ಒತ್ತು," ಎಂದಳು. ಒತ್ತಿದೆ. ನಾಮಿನಿ ಮಗಳು. ಮಗಳಿಗೆ ಇನ್ನೂ ಹದಿನೆಂಟು ಆಗಿಲ್ಲ, ಅವಳ ಪರವಾಗಿ ದುಡ್ಡು ಪಡೆಯುವ ಹಿರಿಯರ ಹೆಸರೊಂದು ಬೇಕು. ನನ್ನ ಹೆಸರು ಹೇಳುತ್ತಾಳೇನೋ ಎಂದು ಕಾದೆ. ಊರಲ್ಲಿದ್ದ ತಮ್ಮನ ಹೆಸರು ಹೇಳಿದಳು.

ಫೋಟೊ ತೆಗೆದೆ. ಅವಳ ಮೊಬೈಲಿಗೆ ಓಟಿಪಿ ಬಂತು, ಓದಿ ಹೇಳಿದಳು. ಮೊದಲ ಕಂತು ಅವಳ ಖಾತೆಯಿಂದಲೇ ಹೋಯಿತು.

"ಇದರಾಗ ನಿನಗ ಸಿಗತದಲ್ಲ?" ಎಂದು ಕೇಳಿದಳು.

"ಸಿಗತದ. ನನಗ ಬ್ಯಾಡ, ಅದನ್ನ ನಿನಗ ತಿರುಗಿ ಕೊಡತೀನಿ."

ಗಿರಾಕಿಗೆ ಕಮಿಷನ್ ಹಿಂತಿರುಗಿಸುವುದು ಕಾನೂನಿಗೆ ವಿರುದ್ಧ, ಪರೀಕ್ಷೆಗೆ ನಾನೇ ಓದಿದ್ದೆ. ಆದರೂ ಆ ಮಾತು ಬಾಯಿಗೆ ಬಂದುಬಿಟ್ಟಿತು.

"ಬ್ಯಾಡ, ಇಟಗೋ. ನೀ ದುಡದದ್ದು." ಕಾಗದಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡಳು. "ಅಕ್ಕಾ, ಎಲ್ಲಾರ ಮನೀಗೂ ಹೋದಿ. ಬ್ಯಾಡಂದ್ರೂ ಬಿಡಲಿಲ್ಲ. ನಮ್ಮವರು ತಾವಾಗಿ ಕೇಳಿದ್ರು. ಅವರಿಗೆ ಯಾಕ ಇಲ್ಲಂದಿ?"

ಎಂಟು ತಿಂಗಳು ನಾನು ಕಾದಿದ್ದ ಪ್ರಶ್ನೆ. ಉತ್ತರವನ್ನೂ ಸಾವಿರ ಸಲ ಹೊಂದಿಸಿಟ್ಟಿದ್ದೆ. ಆ ಹೊತ್ತಿಗೆ ಇದ್ದದ್ದು ಇದ್ದ ಹಾಗೇ ಬಾಯಿಗೆ ಬಂತು.

"ಹೆದರಿದ್ನವ್ವಾ. ನೀನೂ ಎಲ್ಲಾರಂಗ ನನ್ನ ನೋಡಿ ಬಾಗಲಾ ಹಾಕ್ಕೋತಿ ಅಂತ."

ಅವಳು ನನ್ನನ್ನೇ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟೂ ಇರಲಿಲ್ಲ.

"ಹಾಕ್ಕೋತಿದ್ದೆ ಏನೋ," ಎಂದಳು. "ಒಂದೆರಡು ತಿಂಗಳು ಸಿಟ್ಟಾಗತಿದ್ದೆ, ಮಾತು ಬಿಡತಿದ್ದೆ. ಆದ್ರ ಇವತ್ತ ನನ್ನ ಹುಡುಗಿ ಕಾಲೇಜಿಗೆ ಹೋಗತಿದ್ಲು ಅಕ್ಕಾ."

ಹತ್ತನೇ ತರಗತಿ ಮುಗಿಸಿದ ಮೇಲೆ ಮಗಳೂ ಅದೇ ಹಾಸ್ಟೆಲಿನ ಮೆಸ್ಸಿಗೆ ಕೆಲಸಕ್ಕೆ ಹೋಗುತ್ತಿರುವುದು ನನಗೆ ಗೊತ್ತಾದದ್ದು ಆಗಲೇ. ಎದುರು ಮನೆಯವಳು ನಾನು, ಬಾಗಿಲ ಹಿಂದೆ ನಿಂತಿದ್ದೆ, ನೋಡಿರಲಿಲ್ಲ.