ಕೊಡೆ ಕಂಪನಿಯಿಂದ ಬಂದವರು

ಬೀಗ ತಯಾರಿಸುವ ಆ ಕಂಪನಿಯ ಸಿಬ್ಬಂದಿ ವಿಭಾಗದಲ್ಲಿದ್ದ ಮೇಡಂಗೆ ‘ಅಪಾರ ಮೇಡಂ’ ಎಂದೇ ಹೆಸರು ಬಿದ್ದಿತ್ತು. ಕಂಪನಿಯ ಸುದ್ದಿಪತ್ರಿಕೆಯಲ್ಲಿ ಹೊಸಬರನ್ನು ಪರಿಚಯಿಸುವ ನಾಲ್ಕು ಸಾಲು ಬರೆಯುವುದು ಅವರ ಪಾಲಿನ ಕೆಲಸ. ಬಂದವರು ಮ್ಯಾನೇಜರಾಗಲಿ, ಮೊನ್ನೆ ಮೊನ್ನೆ ಕಾಲೇಜು ಮುಗಿಸಿದ ಹುಡುಗಿಯಾಗಲಿ, ಎಲ್ಲರಿಗೂ ಆ ಮಹಾತಾಯಿ ‘ಅಪಾರ ಅನುಭವ’ ದಯಪಾಲಿಸುತ್ತಿದ್ದರು.

ಈ ಸಲ ಪರೀಕ್ಷಾ ವಿಭಾಗಕ್ಕೆ ಐವತ್ತು ದಾಟಿದ ಒಬ್ಬರು ಸೇರಿದ್ದರು. ಹೊಸ ಬೀಗಗಳನ್ನು ಕೀ ಇಲ್ಲದೆ ತೆಗೆಯಲು ನೋಡುವುದು, ತೆಗೆಯಲು ಬಂದರೆ ಬೀಗ ಎಲ್ಲಿ ಸೋತಿತೆಂದು ಬರೆದುಕೊಡುವುದು ಅವರ ಕೆಲಸ. ಅವರ ಅರ್ಜಿಯಲ್ಲಿ ‘ಹಿಂದಿನ ಸಂಸ್ಥೆ’ ಎಂಬಲ್ಲಿ ‘ಕೊಡೆ’, ‘ಎಷ್ಟು ವರ್ಷ’ ಎಂಬಲ್ಲಿ ‘ಇಪ್ಪತ್ತೆರಡು’ ಎಂದಷ್ಟೇ ಇತ್ತು. ಮೇಡಂ ಹಿಂದುಮುಂದು ನೋಡದೆ ‘ಕೊಡೆ ಉದ್ಯಮದಲ್ಲಿ ಅಪಾರ ಅನುಭವವುಳ್ಳ’ ಎಂದು ಟೈಪಿಸಿ, ಅಚ್ಚಿಗೆ ಕಳಿಸುವ ಮೊದಲು ಒಪ್ಪಿಗೆ ಪಡೆಯಲು ಅವರನ್ನು ಕರೆಸಿದರು.

ಅದನ್ನು ಓದಿ ಅವರು ನಗು ಬಂದದ್ದನ್ನು ಕೆಮ್ಮಿನಲ್ಲಿ ಅಡಗಿಸಿದರು. “ನಾನು ಕೊಡೆ ಮಾಡ್ತಿರಲಿಲ್ಲ ಮೇಡಂ. ಫುಟ್‌ಪಾತಲ್ಲಿ ಕೊಡೆ ಕೆಳಗೆ ಕೂತು ಕೀ ಮಾಡ್ತಿದ್ದೆ. ಕೀ ಕಳ್ಕೊಂಡೋರ ಮನೆಗೆ ಹೋಗಿ ಬೀಗ ತೆಗೀತಿದ್ದೆ.”

“ಅಯ್ಯೋ ರಾಮ! ಈಗಲೇ ತಿದ್ದುತೀನಿ.”

“ತಿದ್ದಬೇಡಿ, ಕೊಡೆನೇ ಇರಲಿ. ಇಲ್ಲಿ ಎಲ್ಲರ ಲಾಕರೂ ಸಾಲಾಗಿವೆ. ನಾಳೆ ಯಾರದ್ದೋ ಪರ್ಸ್ ಕಾಣದೆ ಹೋದ್ರೆ ಮೊದಲು ಯಾರ ಮುಖ ನೋಡ್ತಾರೆ, ನೀವೇ ಹೇಳಿ?”

ಮೇಡಂಗೆ ಪಾಪ ಎನಿಸಿತು. ಅಷ್ಟರಲ್ಲಿ ಕಂಪ್ಯೂಟರ್ ಪರದೆ ಆರಿಹೋಗಿತ್ತು. ಪಾಸ್‌ವರ್ಡ್ ಒತ್ತಿ ತಲೆ ಎತ್ತಿದರೆ ಆ ಮನುಷ್ಯ ಗೋಡೆಯ ಕಡೆ ತಿರುಗಿ ನಿಂತಿದ್ದರು.

“ಯಾಕ್ರೀ, ಗೋಡೆ ಮೇಲೇನಿದೆ?”

“ಅಭ್ಯಾಸ ಮೇಡಂ. ಬೀಗ ಕ್ಲಿಕ್ ಅಂದ ತಕ್ಷಣ ಬೆನ್ನು ತಿರುಗಿಸಿಬಿಡ್ತಿದ್ದೆ. ಬಾಗಿಲು ಮನೆಯವರೇ ತಳ್ಕೋಬೇಕು. ಒಳಗೇನಿದ್ರೆ ನನಗೇನು?”

ಈ ಕೆಲಸಕ್ಕೆ ಬಂದ ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಮೇಡಂ ‘ಅಪಾರ’ವನ್ನು ಅಳಿಸಿದರು. ಹೊಸದಾಗಿ ಬರೆದರು: ‘ಇಪ್ಪತ್ತೆರಡು ವರ್ಷ ಕೊಡೆಯ ಕೆಳಗೆ ಕೂತು ಕೀ ಮಾಡಿದವರು, ಕೀ ಕಳೆದುಕೊಂಡವರ ಬಾಗಿಲುಗಳ ಬೀಗ ತೆಗೆದವರು. ಬೀಗ ತೆಗೆದ ಕೂಡಲೇ ಬೆನ್ನು ತಿರುಗಿಸುವವರು. ನಮ್ಮ ಬೀಗಗಳನ್ನು ಇನ್ನು ಇವರು ಸೋಲಿಸಲಿದ್ದಾರೆ, ಸ್ವಾಗತ.’ ಹೊಸಬರು ಅದನ್ನು ಎರಡು ಸಲ ಓದಿ ಒಪ್ಪಿಗೆಯ ಸಹಿ ಹಾಕಿದರು.

ಸೋಮವಾರ ಪತ್ರಿಕೆ ಎಲ್ಲರ ಕೈಸೇರಿತು. ಮಧ್ಯಾಹ್ನ ಊಟದ ಹೊತ್ತಿಗೆ ಲಾಕರುಗಳ ಹತ್ತಿರ ಗುಂಪು ಸೇರಿದ್ದು ಕಂಡು ಮೇಡಂ, ಯಾರದ್ದೋ ಪರ್ಸ್ ಹೋಯಿತೇನೋ ಎಂದುಕೊಂಡರು. ಓಡಿಹೋಗಿ ನೋಡಿದರೆ, ತನ್ನ ನೆರಳನ್ನೂ ನಂಬದ ಸ್ಟೋರ್ ಕೀಪರ್ ಕೀ ಕಳೆದುಕೊಂಡು, ಕೈಯಲ್ಲಿ ಪತ್ರಿಕೆ ಹಿಡಿದು ನಿಂತಿದ್ದಾರೆ. ಹೊಸಬರು ಬಗ್ಗಿ ಬೀಗದಲ್ಲಿ ಎರಡು ತಂತಿ ಆಡಿಸಿದರು. ಕ್ಲಿಕ್ ಎಂದಿತು. ಅವರು ತಟ್ಟನೆ ಬೆನ್ನು ತಿರುಗಿಸಿದರು.

“ಈ ಕಡೆ ತಿರುಗ್ರೀ ಮಾರಾಯ್ರೇ,” ಎಂದರು ಸ್ಟೋರ್ ಕೀಪರ್, “ಒಳಗಿರೋದು ಊಟದ ಡಬ್ಬಿ. ಬನ್ನಿ, ಜೊತೇಲಿ ಊಟ ಮಾಡೋಣ.”